ಕರೆಂಟಿನ ತಂತಿಯಲ್ಲೇ ಟಿವಿಗೆ ಇಂಟರ್‌ನೆಟ್

ನಿಮ್ಮ ಮನೆಯಲ್ಲಿ ಇಂಟರ್‌ನೆಟ್ ಇದೆಯೇ? ಅದರ ಪೆಟ್ಟಿಗೆಯನ್ನು ರೌಟರ್ ಅನ್ನುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಚಾವಡಿಯಲ್ಲಿ ಇರುತ್ತದೆ. ಟಿವಿ ಹಿಂದಿನ ಕೋಣೆಯಲ್ಲಿದ್ದರೆ ತೊಂದರೆ. ಚಿತ್ರ ನಡುವೆ ನಿಲ್ಲುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಕಾಸರಗೋಡಿನ ಕಡೆಯ ಒಂದು ಮನೆಯ ಸಂಗತಿ ಕೇಳಿ. ಅದು ಮುರಕಲ್ಲಿನ ಹಳೇ ಮನೆ, ಗೋಡೆಗಳು ದಪ್ಪ. ರೌಟರ್‌ನಿಂದ ಟಿವಿಗೆ ನಡುವೆ ಮೂರು ಗೋಡೆ. ರೌಟರ್‌ನ ವೈಫೈ ಗಾಳಿಯಲ್ಲಿ ಬರುತ್ತದೆ. ಪ್ರತಿ ಗೋಡೆ ದಾಟುವಾಗಲೂ ಅದರ ಬಲ ಕುಗ್ಗುತ್ತದೆ. ಟಿವಿ ಹತ್ತಿರ ತಲುಪುವಾಗ ಬಲವೇ ಉಳಿದಿರಲಿಲ್ಲ.

"ಗೋಡೆ ಕೊರೆದು ತಂತಿ ಎಳೆಯೋಣವಾ?" ಅಂತ ಮನೆಯ ಯಜಮಾನರು ಕೇಳಿದರು.

"ಬೇಡ ಮಾವ, ಗೋಡೆಯೊಳಗೆ ಕರೆಂಟಿನ ತಂತಿ ಈಗಲೇ ಇದೆಯಲ್ಲ, ಅದೇ ಸಾಕು" ಅಂದಳು ಸೊಸೆ.

ಅವಳು ಪೇಟೆಯಿಂದ ಎರಡು ಸಣ್ಣ ಪೆಟ್ಟಿಗೆ ತರಿಸಿದಳು. ಇವಕ್ಕೆ ಪವರ್‌ಲೈನ್ ಅಡಾಪ್ಟರ್ ಅಂತ ಹೆಸರು. ಇವು ಯಾವಾಗಲೂ ಜೋಡಿಯಾಗಿಯೇ ಬೇಕು. ಒಂದು ಕಳಿಸುತ್ತದೆ, ಇನ್ನೊಂದು ಪಡೆಯುತ್ತದೆ.

ಇದು ಹೇಗೆ ಆಗುತ್ತದೆ?

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿ ಇಳಿಯುತ್ತದೆ. ಅಡಾಪ್ಟರಿನ ಸಂಕೇತ ಸೆಕೆಂಡಿಗೆ 20 ಲಕ್ಷಕ್ಕಿಂತಲೂ ಹೆಚ್ಚು ಸಲ ಏರಿ ಇಳಿಯುತ್ತದೆ. ಎರಡೂ ಒಂದೇ ತಂತಿಯಲ್ಲಿ ಹೋಗುತ್ತವೆ, ಆದರೂ ಬೆರೆತು ಕೆಡುವುದಿಲ್ಲ. ಆಚೆ ಇರುವ ಅಡಾಪ್ಟರ್ ತನ್ನ ಸಂಕೇತವನ್ನು ಮಾತ್ರ ಆರಿಸಿಕೊಳ್ಳುತ್ತದೆ.

ಹೀಗೆ ಜೋಡಿಸಿ

ಮೊದಲು ಎರಡನ್ನೂ ಒಂದೇ ಕೋಣೆಯಲ್ಲಿ ಗೋಡೆಯ ಪ್ಲಗ್ಗಿಗೆ ಹಾಕಿ. ಒಂದರ ಮೇಲಿನ ಪೇರ್ ಗುಂಡಿ ಒತ್ತಿ. ಎರಡು ನಿಮಿಷದೊಳಗೆ ಇನ್ನೊಂದರ ಗುಂಡಿಯನ್ನೂ ಒತ್ತಿ. ಎಷ್ಟು ಹೊತ್ತು ಒತ್ತಬೇಕು ಅಂತ ಜೊತೆಗಿನ ಚೀಟಿಯಲ್ಲಿ ಇರುತ್ತದೆ. ಈಗ ಇವೆರಡೂ ಒಂದನ್ನೊಂದು ಗುರುತಿಸುತ್ತವೆ. ಈ ಕೆಲಸ ಬಿಡಬೇಡಿ. ಕೆಲವು ಸಲ ಸಂಕೇತ ಮೀಟರು ದಾಟಿ ಪಕ್ಕದ ಮನೆಗೂ ಹೋಗುತ್ತದೆ. ಜೋಡಿ ಮಾಡಿದರೆ ಬೇರೆಯವರ ಅಡಾಪ್ಟರ್ ಅದನ್ನು ಓದಲಾರದು.

ಆಮೇಲೆ ಒಂದನ್ನು ರೌಟರ್ ಹತ್ತಿರ ಹಾಕಿ, ಲ್ಯಾನ್ ತಂತಿಯಿಂದ ರೌಟರ್‌ಗೆ ಸೇರಿಸಿ. ಇನ್ನೊಂದನ್ನು ಟಿವಿ ಹತ್ತಿರ ಹಾಕಿ, ಇನ್ನೊಂದು ಲ್ಯಾನ್ ತಂತಿಯಿಂದ ಟಿವಿಯ ಹಿಂಭಾಗಕ್ಕೆ ಸೇರಿಸಿ. ಟಿವಿಗೆ ಲ್ಯಾನ್ ತೂತು ಇದೆಯೇ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕೊನೆಗೆ ಟಿವಿಯ ಪರದೆಯಲ್ಲಿ Network ಎಂಬಲ್ಲಿ ಹೋಗಿ Wired ಆರಿಸಿ. ಇಲ್ಲವಾದರೆ ಟಿವಿ ಹಳೇ ವೈಫೈಯನ್ನೇ ಹಿಡಿದುಕೊಂಡಿರಬಹುದು.

ಆ ಮನೆಯಲ್ಲಿ ಏನಾಯ್ತು?

ಮೊದಲ ದಿನ ಚಿತ್ರ ಮತ್ತೆ ನಿಂತಿತು. ಸೊಸೆ ಟಿವಿ ಬದಿಯ ಅಡಾಪ್ಟರನ್ನು ಸ್ಪೈಕ್ ಗಾರ್ಡ್ ಬೋರ್ಡಿಗೆ ಹಾಕಿದ್ದಳು. ಕರೆಂಟಿನ ಕಸವನ್ನು ಸೋಸುವುದೇ ಆ ಬೋರ್ಡಿನ ಕೆಲಸ. ಅದು ಇಂಟರ್‌ನೆಟ್ ಸಂಕೇತವನ್ನೂ ಕಸವೆಂದು ಸೋಸಿಬಿಡುತ್ತದೆ. ಅಡಾಪ್ಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿದಳು. ಚಿತ್ರ ಓಡಿತು.

ಅಡಾಪ್ಟರಿನ ಡಬ್ಬಿಯ ಮೇಲೆ 600 ಅಂತ ಬರೆದಿತ್ತು. ಟಿವಿಯಲ್ಲಿ ಅಳೆದಾಗ ಸಿಕ್ಕಿದ್ದು 60 ಎಂಬಿಪಿಎಸ್. ಮೋಸ ಹೋದೆವು ಅಂತ ಯಜಮಾನರಿಗೆ ಅನಿಸಿತು. ಮೋಸವಲ್ಲ. ಡಬ್ಬಿಯ ಮೇಲಿನ ಸಂಖ್ಯೆ ಮನೆಯ ತಂತಿಯಲ್ಲಿ ಸಿಗುವುದೇ ಇಲ್ಲ. ತುಂಬ ಸ್ಪಷ್ಟವಾದ 4ಕೆ ಚಿತ್ರಕ್ಕೂ 25 ಸಾಕು.

ಸಂಜೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಚಿತ್ರ ಸ್ವಲ್ಪ ತಡವರಿಸಿತು. ಮಿಕ್ಸಿ, ಮೊಬೈಲ್ ಚಾರ್ಜರ್, ಕೆಲವು ಎಲ್‌ಇಡಿ ಬಲ್ಬುಗಳು ತಂತಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಅಡಾಪ್ಟರಿನ ಪಕ್ಕದಲ್ಲಿದ್ದ ಚಾರ್ಜರನ್ನು ಬೇರೆ ಕಡೆ ಹಾಕಿದರು. ಆಮೇಲೆ ಮಿಕ್ಸಿ ತಿರುಗಿದರೂ ಚಿತ್ರ ನಿಲ್ಲಲಿಲ್ಲ.

ಆಗದ ಮನೆಯೂ ಉಂಟು

ಕೆಲವು ಮನೆಗೆ ಮೂರು ಫೇಸ್ ಕರೆಂಟು ಇರುತ್ತದೆ. ಒಂದು ಫೇಸ್ ಹೋದರೆ ಅರ್ಧ ಮನೆ ಕತ್ತಲು, ಅರ್ಧ ಮನೆಯಲ್ಲಿ ಬೆಳಕು. ರೌಟರ್ ಒಂದು ಫೇಸಿನಲ್ಲಿ, ಟಿವಿ ಇನ್ನೊಂದರಲ್ಲಿ ಇದ್ದರೆ ಸಂಕೇತ ಸರಿಯಾಗಿ ದಾಟುವುದಿಲ್ಲ. ಅಡಾಪ್ಟರಿನ ಸಂಪರ್ಕದ ದೀಪ ಆರಿಹೋಗುತ್ತದೆ, ಇಲ್ಲವೇ ವೇಗ ತೀರಾ ಇಳಿಯುತ್ತದೆ. ಒಂದು ಪ್ಲಗ್ಗು ಇನ್ವರ್ಟರಿನ ಲೈನಿನಲ್ಲಿದ್ದರೂ ಹೀಗೆಯೇ ಆಗಬಹುದು. ಆಗ ಬೇರೆ ಪ್ಲಗ್ಗಿನಲ್ಲಿ ಹಾಕಿ ನೋಡಿ. ಬೋರ್ಡು ಬಿಚ್ಚಿ ನೀವೇ ತಂತಿ ಬದಲಿಸಬೇಡಿ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಆದ್ದರಿಂದ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ: "ನಮ್ಮ ಮನೆಯಲ್ಲಿ ಆಗದಿದ್ದರೆ ವಾಪಸು ತಗೊಳ್ತೀರಾ?"

ಓದಿದ್ದನ್ನು ನೆನಪು ಮಾಡಿಕೊಳ್ಳಿ

1. ಅಡಾಪ್ಟರನ್ನು ಸ್ಪೈಕ್ ಗಾರ್ಡ್ ಬೋರ್ಡಿಗೆ ಏಕೆ ಹಾಕಬಾರದು?
2. ಪೇರ್ ಗುಂಡಿ ಒತ್ತುವುದು ಏಕೆ?
3. ನಿಮ್ಮ ಮನೆಗೆ ಎಷ್ಟು ಫೇಸ್ ಕರೆಂಟು ಇದೆ? ಹೇಗೆ ತಿಳಿಯುತ್ತೀರಿ?