ರಾಗಿಯೂ ಗಿರಣಿಯೂ ಕೂಡಿದರೆ
ಪಿಂಟರೆಸ್ಟ್ ಎಂಬ ಹೆಸರು ಪಿನ್ ಮತ್ತು ಇಂಟರೆಸ್ಟ್ ಎಂಬೆರಡು ಪದಗಳ ಬೆಸುಗೆ. ಮೊದಲ ಪದ ಮುಗಿಯುವ ‘ಇನ್’ ಸದ್ದಿನಿಂದಲೇ ಎರಡನೆಯದು ಶುರುವಾಗುತ್ತದೆ. ಹಾಗಾಗಿ ಏನನ್ನೂ ಕತ್ತರಿಸದೆ ಎರಡೂ ಕೂಡಿಕೊಂಡವು. ನೆಟ್‌ಫ್ಲಿಕ್ಸ್‌ನಲ್ಲಿ ಇಂಥ ಹಂಚಿಕೆಯಿಲ್ಲ. ನೆಟ್ ಪಕ್ಕದಲ್ಲಿ ಸಿನಿಮಾಕ್ಕೆ ಆಡುಮಾತಿನ ಹೆಸರಾದ ಫ್ಲಿಕ್ಸ್ ನಿಂತಿದೆ, ಅಷ್ಟೇ.

ಕನ್ನಡದಲ್ಲಿ ಪಿಂಟರೆಸ್ಟ್ ಥರದ ಬೆಸುಗೆ ಮಾಡಿ ನೋಡೋಣ. ಒಬ್ಬರು ರಾಗಿ ಹಿಟ್ಟಿನ ಪೊಟ್ಟಣಕ್ಕೆ ಹೆಸರು ಹುಡುಕುತ್ತಿದ್ದಾರೆ ಎಂದುಕೊಳ್ಳಿ. ರಾಗಿ, ಹಿಟ್ಟು, ಅಂಬಲಿ, ಗಿರಣಿ ಎಂದು ಸಂಬಂಧಪಟ್ಟ ಪದಗಳನ್ನೆಲ್ಲ ಬರೆದುಕೊಂಡು, ಒಂದರ ಕೊನೆಯ ಅಕ್ಷರ ಇನ್ನೊಂದರ ಮೊದಲ ಅಕ್ಷರಕ್ಕೆ ಎಲ್ಲಿ ತಾಳೆಯಾಗುತ್ತದೆ ಎಂದು ನೋಡಬೇಕು. ರಾಗಿಯ ‘ಗಿ’, ಗಿರಣಿಯ ‘ಗಿ’ ಒಂದೇ. ರಾಗಿರಣಿ! ಒಂದಕ್ಷರವೂ ಕಳೆದುಹೋಗಲಿಲ್ಲ, ಕೇಳಿದವರಿಗೆ ಎರಡೂ ಪದ ಸಿಗುತ್ತವೆ.

ತಾಳೆಯಾಗದ ಕಡೆ ಕತ್ತರಿ ಹಾಕಬೇಕಾಗುತ್ತದೆ, ತೊಂದರೆ ಶುರುವಾಗುವುದೂ ಅಲ್ಲೇ. ರಾಗಿಗೆ ಅಂಬಲಿ ಸೇರಿಸಿ ‘ರಾಂಬಲಿ’ ಮಾಡಿದರೆ ನಾಲಿಗೆಗೇನೋ ಸಲೀಸು. ಆದರೆ ‘ಗಿ’ ಹೋದ ಮೇಲೆ ರಾಗಿ ಎಲ್ಲಿದೆ? ಉಳಿದ ‘ರಾ’ ಏನನ್ನೂ ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಬಾಲದಲ್ಲಿ ‘ಬಲಿ’ ಎದ್ದು ಕೇಳುತ್ತದೆ. ತಿನ್ನುವ ಪದಾರ್ಥಕ್ಕೆ ಬಲಿಯ ನೆರಳು ಬೇಡ. ಅಂಬಲಿಯಲ್ಲೂ ಆ ಸದ್ದು ಇದೆಯಲ್ಲ ಎನ್ನಬಹುದು. ಹಳೆಯ ಪದದೊಳಗೆ ಅದನ್ನು ಯಾರೂ ಗಮನಿಸುವುದಿಲ್ಲ, ಹೊಸ ಪದವನ್ನು ಮಾತ್ರ ಕಿವಿ ಬಿಡಿಸಿ ನೋಡುತ್ತದೆ.

ರಾಗಿರಣಿಯನ್ನೂ ಸುಮ್ಮನೆ ಒಪ್ಪಬಾರದು. ಹೆಸರು ಗೊತ್ತಿಲ್ಲದವರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ಬರೆದುಕೊಳ್ಳಲು ಕೇಳಿ. ಕೆಲವರು ‘ರಾಗಿಣಿ’ ಎಂದು ಬರೆದಾರು. ನಡುವಿನ ‘ರ’ ವೇಗದ ಮಾತಿನಲ್ಲಿ ಜಾರಿಹೋಗುವಂಥದ್ದು. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ Ragirani ಎಂದು ಬರೆದು ಓದಿಸಿ. ಈಗದು ‘ರಾಗಿ ರಾಣಿ’! ಗಿರಣಿ ಮಾಯವಾಗಿ ರಾಣಿ ಬಂದಳು. ನನ್ನ ಮಟ್ಟಿಗೆ ಇದು ನಷ್ಟವಲ್ಲ, ಹಿಟ್ಟಿಗೆ ರಾಣಿ ಒಪ್ಪುತ್ತಾಳೆ. ಆದರೆ ಪೊಟ್ಟಣದ ಮೇಲೆ ಕನ್ನಡದ ಹೆಸರನ್ನೇ ದೊಡ್ಡದಾಗಿ ಹಾಕದಿದ್ದರೆ ಗಿರಣಿಯ ಚಮತ್ಕಾರ ಯಾರಿಗೂ ಕಾಣದು.

ಬೆಸುಗೆ ಪೂರ್ತಿ ಸ್ಪಷ್ಟವಾಗಿದ್ದರೆ ಇನ್ನೊಂದು ತೊಡಕಿದೆ. ಸರಕು ಏನೆಂದು ಬರೀ ವರ್ಣಿಸುವ ಹೆಸರಿಗೆ 1999ರ ಟ್ರೇಡ್ ಮಾರ್ಕ್ ಕಾಯಿದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ‘ರಾಗಿಹಿಟ್ಟು’ ಎಂಬುದು ಯಾರೊಬ್ಬರ ಸೊತ್ತೂ ಆಗಲಾರದು. ರಾಗಿರಣಿಯಲ್ಲಿ ಎರಡು ಪದ ಒಂದರೊಳಗೊಂದು ಹೊಕ್ಕಿರುವುದರಿಂದ ವಾದಕ್ಕೆ ಸ್ವಲ್ಪ ಜಾಗವಿದೆ, ಆದರೂ ಆಕ್ಷೇಪಣೆ ಬರಬಹುದು. ಅರ್ಜಿ ಹಾಕುವ ಮುಂಚೆ ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹಿಟ್ಟು ಸೇರುವ 30ನೇ ವರ್ಗವನ್ನು ಹುಡುಕಿ ನೋಡಬೇಕು. ಅಲ್ಲಿ ಉಚ್ಚಾರಣೆಯ ಮೇಲೂ ಹುಡುಕಬಹುದು. ರಾಗಿರಣಿಯ ಜೊತೆಗೆ, ಜನ ತಪ್ಪಾಗಿ ಕೇಳುವ ರಾಗಿಣಿಯನ್ನೂ ತಪ್ಪಾಗಿ ಓದುವ ರಾಗಿ ರಾಣಿಯನ್ನೂ ಹಾಕಿ ನೋಡಿ.