ಆಲ್ಫಾ: ಫಂಡ್ ಮ್ಯಾನೇಜರ್‌ನ ಜಾಣ್ಮೆಯೋ, ಬರಿಯ ಅದೃಷ್ಟವೋ?

ಮಾರುಕಟ್ಟೆ ಏರಿದ್ದರಿಂದ ತಾನಾಗಿ ಬಂದ ಗಳಿಕೆಯನ್ನು ಕಳೆದ ಮೇಲೆ ಮ್ಯೂಚುವಲ್ ಫಂಡ್ ಒಂದರ ಲೆಕ್ಕದಲ್ಲಿ ಉಳಿಯುವ ಸರಾಸರಿ ಗಳಿಕೆಗೆ ಆಲ್ಫಾ ಎಂದು ಹೆಸರು. ಷೇರುಪೇಟೆ ವರ್ಷಕ್ಕೆ ಶೇ 15ರಷ್ಟು ಏರಿದಾಗ ಫಂಡ್ ಶೇ 17 ಗಳಿಸಿದರೆ, ಆ ಎರಡು ಅಂಶಗಳ ವ್ಯತ್ಯಾಸವನ್ನೇ ಮ್ಯಾನೇಜರ್‌ನ ಜಾಣ್ಮೆ ಎನ್ನಲಾಗದು. ಮಾರುಕಟ್ಟೆಗಿಂತ ಹೆಚ್ಚು ಏರಿಳಿಯುವ ಷೇರುಗಳನ್ನು ಇಟ್ಟುಕೊಂಡ ಯಾವ ಫಂಡ್ ಆದರೂ ಏರುವ ಕಾಲದಲ್ಲಿ ಹಾಗೆ ಗಳಿಸುತ್ತದೆ, ಇಳಿಯುವ ಕಾಲದಲ್ಲಿ ಅಷ್ಟೇ ಹೆಚ್ಚಾಗಿ ಕಳೆದುಕೊಳ್ಳುತ್ತದೆ. ಈ ಏರಿಳಿತದ ಪಾಲನ್ನೂ ಉಳಿದ ಪಾಲನ್ನೂ ಬೇರ್ಪಡಿಸುವ ವಿಧಾನವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಜೆನ್ಸನ್ 1968ರಲ್ಲಿ ಮ್ಯೂಚುವಲ್ ಫಂಡ್‌ಗಳಿಗೆ ಅನ್ವಯಿಸಿ ತೋರಿಸಿದರು. ಇಂದಿಗೂ ಅದಕ್ಕೆ ಜೆನ್ಸನ್ ಆಲ್ಫಾ ಎಂದೇ ಕರೆಯುತ್ತಾರೆ. ಅದರ ತಿರುಳು ಒಂದೇ ಸಾಲಿನ ಸಮೀಕರಣ:

```
Rp − Rf = α + β (Rm − Rf) + ε
```

Rp ಎಂದರೆ ಫಂಡ್‌ನ ಗಳಿಕೆ, Rm ಮಾರುಕಟ್ಟೆಯ ಗಳಿಕೆ, Rf ಅಪಾಯವಿಲ್ಲದ ಬಡ್ಡಿ. ಭಾರತದಲ್ಲಿ ಈ ಕೊನೆಯದಕ್ಕೆ ಸಾಮಾನ್ಯವಾಗಿ ಸರ್ಕಾರದ 91 ದಿನಗಳ ಟ್ರೆಷರಿ ಬಿಲ್‌ನ ದರವನ್ನು ಹಿಡಿಯುತ್ತಾರೆ. ಏನೂ ಅಪಾಯ ಹೊರದವನಿಗೂ ಆ ಬಡ್ಡಿ ಸಿಗುವುದರಿಂದ ಅದನ್ನು ಎರಡೂ ಕಡೆಯಿಂದ ಕಳೆಯಬೇಕು. ಕಳೆದ ಮೇಲೆ ಉಳಿಯುವುದು ಹೆಚ್ಚುವರಿ ಗಳಿಕೆ. ಮಾರುಕಟ್ಟೆಯ ಹೆಚ್ಚುವರಿ ಗಳಿಕೆ ಒಂದು ಅಂಶ ಬದಲಾದಾಗ ಫಂಡ್‌ನದು ಸರಾಸರಿ ಎಷ್ಟು ಬದಲಾಗುತ್ತದೆ ಎಂಬುದು ಬೀಟಾ. ಮಾರುಕಟ್ಟೆಯ ಹೆಚ್ಚುವರಿ ಗಳಿಕೆ ಸೊನ್ನೆಯಾಗಿದ್ದರೂ ಫಂಡ್ ಸರಾಸರಿ ಎಷ್ಟು ಗಳಿಸುತ್ತಿತ್ತು ಎಂಬುದು ಆಲ್ಫಾ. ಇವೆರಡರಿಂದಲೂ ವಿವರಿಸಲಾಗದೆ ತಿಂಗಳಿಂದ ತಿಂಗಳಿಗೆ ಹೊಯ್ದಾಡುವ ಉಳಿಕೆ ε. ಆಲ್ಫಾವನ್ನು ಎಷ್ಟು ನಂಬಬಹುದು ಎಂಬುದು ಈ ಉಳಿಕೆಯ ಗಾತ್ರದಿಂದಲೇ ತೀರ್ಮಾನವಾಗುತ್ತದೆ.

ಲೆಕ್ಕಕ್ಕಾಗಿ ದೊಡ್ಡ ಕಂಪನಿಗಳಲ್ಲಿ ಹಣ ಹೂಡುವ ಒಂದು ಫಂಡನ್ನು ಕಲ್ಪಿಸಿಕೊಳ್ಳಬಹುದು. ಒಂದು ತಿಂಗಳಲ್ಲಿ ಅದರ ಎನ್‌ಎವಿ 50 ರೂಪಾಯಿಯಿಂದ 51.60ಕ್ಕೆ ಏರಿದರೆ ಗಳಿಕೆ ಶೇ 3.2. ಅದೇ ತಿಂಗಳು ನಿಫ್ಟಿ ಸೂಚ್ಯಂಕ ಡಿವಿಡೆಂಡ್ ಸೇರಿ ಶೇ 2.9 ಏರಿದೆ. ಟ್ರೆಷರಿ ಬಿಲ್ ದರ ವರ್ಷಕ್ಕೆ ಶೇ 6 ಇದ್ದರೆ ತಿಂಗಳಿಗೆ ಶೇ 0.5. ಹಾಗಾಗಿ ಫಂಡ್‌ನ ಹೆಚ್ಚುವರಿ ಗಳಿಕೆ 2.7, ಮಾರುಕಟ್ಟೆಯದು 2.4. ಹೀಗೆ ಐದು ವರ್ಷಗಳ, ಅಂದರೆ 60 ತಿಂಗಳುಗಳ ಜೋಡಿ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ನ ಎರಡು ಕಂಬಗಳಲ್ಲಿ ತುಂಬಬೇಕು. ಫಂಡ್‌ನವು B ಕಂಬದಲ್ಲಿ, ಮಾರುಕಟ್ಟೆಯವು C ಕಂಬದಲ್ಲಿ ಇದ್ದರೆ ಮುಂದಿನ ಕೆಲಸಕ್ಕೆ ಒಂದು ಸೂತ್ರ ಸಾಕು:

```
=LINEST(B2:B61, C2:C61, TRUE, TRUE)
```

ಅರವತ್ತು ಚುಕ್ಕಿಗಳ ನಡುವೆ ಅವೆಲ್ಲಕ್ಕೂ ಒಟ್ಟಾರೆಯಾಗಿ ಅತಿ ಹತ್ತಿರ ಹಾಯುವ ಗೆರೆಯನ್ನು ಈ ಸೂತ್ರ ಕಂಡುಹಿಡಿಯುತ್ತದೆ. ಇದೇ ರಿಗ್ರೆಷನ್. ಉತ್ತರದ ಮೊದಲ ಸಾಲಿನಲ್ಲಿ ಗೆರೆಯ ಓರೆ, ಅಂದರೆ ಬೀಟಾ, ಅದರ ಪಕ್ಕದಲ್ಲಿ ಆಲ್ಫಾ ಸಿಗುತ್ತವೆ. ಎರಡನೆಯ ಸಾಲಿನಲ್ಲಿ ಅವೆರಡರ ಪ್ರಮಾಣಿತ ದೋಷಗಳಿರುತ್ತವೆ. ಬಹುತೇಕ ಓದುಗರು ಮೊದಲ ಸಾಲಿನಲ್ಲೇ ನಿಂತುಬಿಡುತ್ತಾರೆ. ನೋಡಬೇಕಾದ್ದು ಎರಡನೆಯ ಸಾಲು.

ಕಲ್ಪಿತ ಫಂಡ್‌ನಲ್ಲಿ ಬೀಟಾ 0.90 ಬಂದಿದೆ ಎಂದಿಟ್ಟುಕೊಳ್ಳೋಣ. ಮಾರುಕಟ್ಟೆಯ ಸರಾಸರಿ ಹೆಚ್ಚುವರಿ ಗಳಿಕೆ ತಿಂಗಳಿಗೆ ಶೇ 0.60, ಫಂಡ್‌ನದು ಶೇ 0.86. ಬೀಟಾದ ಪ್ರಕಾರ ಫಂಡ್ ಗಳಿಸಬೇಕಿದ್ದದ್ದು 0.90 × 0.60, ಅಂದರೆ ಶೇ 0.54. ಉಳಿದ ಶೇ 0.32 ತಿಂಗಳ ಆಲ್ಫಾ. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ಶೇ 3.8. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಬಹುದಾದ ಸಂಖ್ಯೆಯೇ ಸರಿ.

ಆದರೆ ಫಂಡ್ ಪ್ರತಿ ತಿಂಗಳೂ ಗೆರೆಯ ಮೇಲೆಯೇ ಕೂತಿರುವುದಿಲ್ಲ. ಕೆಲವು ತಿಂಗಳು ಗೆರೆಗಿಂತ ಎರಡು ಅಂಶ ಮೇಲೆ, ಕೆಲವು ತಿಂಗಳು ಎರಡು ಅಂಶ ಕೆಳಗೆ. ಈ ಚದುರಿಕೆಯ ಪ್ರಮಾಣಿತ ವಿಚಲನೆ ತಿಂಗಳಿಗೆ ಶೇ 1.6 ಎಂದಾದರೆ, 60 ತಿಂಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ ಸುಮಾರು 1.6ನ್ನು 60ರ ವರ್ಗಮೂಲದಿಂದ ಭಾಗಿಸಿದಷ್ಟು. ಮಾರುಕಟ್ಟೆಯ ಸರಾಸರಿಗೆ ಬೇಕಾದ ಸಣ್ಣ ತಿದ್ದುಪಡಿಯನ್ನೂ ಸೇರಿಸಿದರೆ ಆಲ್ಫಾದ ಪ್ರಮಾಣಿತ ದೋಷ ಶೇ 0.208. ಆಲ್ಫಾವನ್ನು ಇದರಿಂದ ಭಾಗಿಸಿದಾಗ ಸಿಗುವ 1.54 ಎಂಬುದೇ ಟಿ-ಮೌಲ್ಯ. ಇಷ್ಟು ತಿಂಗಳುಗಳ ಲೆಕ್ಕದಲ್ಲಿ ಅದು 2 ದಾಟಿದರೆ ಮಾತ್ರ, ಶೇ 5ರ ರೂಢಿಯ ಮಟ್ಟದಲ್ಲಿ ಆಲ್ಫಾ ಗಣನೀಯ ಎನ್ನುತ್ತಾರೆ. ಇಲ್ಲಿ ದಾಟಿಲ್ಲ.

ಇದನ್ನು ವ್ಯಾಪ್ತಿಯಾಗಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಆಲ್ಫಾಕ್ಕೆ ಎರಡೂ ಕಡೆ ಎರಡೆರಡು ಪ್ರಮಾಣಿತ ದೋಷಗಳನ್ನು ಬಿಟ್ಟುಕೊಟ್ಟರೆ, ವಾರ್ಷಿಕ ಲೆಕ್ಕದಲ್ಲಿ ಮೈನಸ್ 1.2ರಿಂದ ಪ್ಲಸ್ 8.8ರವರೆಗೆ ಯಾವುದೂ ಈ ಅಂಕಿಗಳಿಗೆ ಹೊಂದುತ್ತದೆ. ಅಸಾಧಾರಣ ಮ್ಯಾನೇಜರ್ ಎಂದರೂ ಸರಿ, ಹೂಡಿಕೆದಾರರ ಹಣವನ್ನು ನಿಧಾನವಾಗಿ ಸವೆಸುತ್ತಿರುವವನೆಂದರೂ ಸರಿ, ಐದು ವರ್ಷಗಳ ದಾಖಲೆ ಎರಡನ್ನೂ ಅಲ್ಲಗಳೆಯುವುದಿಲ್ಲ. ಟಿ-ಮೌಲ್ಯ 1.54ಕ್ಕೆ ಸಂವಾದಿಯಾದ ಪಿ-ಮೌಲ್ಯ ಸುಮಾರು 0.13. ಆಲ್ಫಾ ನಿಜವಾಗಿಯೂ ಸೊನ್ನೆಯಾಗಿರುವ ನೂರು ಫಂಡ್‌ಗಳಿದ್ದರೆ, ಅವುಗಳಲ್ಲಿ ಹದಿಮೂರರಷ್ಟು ಅದೃಷ್ಟದಿಂದಲೋ ದುರದೃಷ್ಟದಿಂದಲೋ ಸೊನ್ನೆಯಿಂದ ಇಷ್ಟು ದೂರ ಸರಿದು ನಿಲ್ಲುತ್ತವೆ ಎಂದು ಅದರ ಅರ್ಥ. ಮ್ಯಾನೇಜರ್‌ಗೆ ಜಾಣ್ಮೆ ಇಲ್ಲದಿರುವ ಸಾಧ್ಯತೆ ಶೇ 13 ಎಂದು ಅದನ್ನು ಓದುವುದು ತಪ್ಪು. ಹಾಗೆಯೇ, ಗಣನೀಯವಲ್ಲ ಎಂದಾಕ್ಷಣ ಆಲ್ಫಾ ಸೊನ್ನೆ ಎಂದೂ ಅಲ್ಲ. ಸೊನ್ನೆಯೋ ಅಲ್ಲವೋ ಹೇಳಲು ಪುರಾವೆ ಸಾಲದು, ಅಷ್ಟೇ.

ಇದೇ ಫಂಡ್‌ನ ಬೀಟಾ ಬೇರೆಯೇ ಕಥೆ. ಅದರ ಪ್ರಮಾಣಿತ ದೋಷ ಕೇವಲ 0.04. ಮಾರುಕಟ್ಟೆ ಸಾಕಷ್ಟು ಏರಿಳಿದಷ್ಟೂ ಗೆರೆಯ ಓರೆ ಬೇಗ ಸ್ಪಷ್ಟವಾಗುತ್ತದೆ. ಗೆರೆಯ ಎತ್ತರ ಮಾತ್ರ ಮಸುಕಾಗಿಯೇ ಉಳಿಯುತ್ತದೆ. ಫಂಡ್ ಎಷ್ಟು ಅಪಾಯ ಹೊರುತ್ತಿದೆ ಎಂದು ಕೆಲವೇ ವರ್ಷಗಳಲ್ಲಿ ಹೇಳಬಹುದು, ಆದರೆ ಆ ಅಪಾಯದ ಆಚೆಗೆ ಏನಾದರೂ ಕೊಡುತ್ತಿದೆಯೇ ಎಂದು ಹೇಳಲು ಬಹಳ ಕಾಯಬೇಕು.

ಎಷ್ಟು ಕಾಯಬೇಕು? ತಿಂಗಳಿಗೆ 0.32ರ ಆಲ್ಫಾ ಹಾಗೆಯೇ ಮುಂದುವರಿದರೆ ಟಿ-ಮೌಲ್ಯ 2 ಮುಟ್ಟಲು ಸುಮಾರು 101 ತಿಂಗಳು, ಅಂದರೆ ಎಂಟೂವರೆ ವರ್ಷ ಬೇಕು. ಆಲ್ಫಾ ವರ್ಷಕ್ಕೆ ಶೇ 2 ಮಾತ್ರ ಎಂದಾದರೆ, ಅದೇ ಚದುರಿಕೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಮ್ಯಾನೇಜರ್ ನಿವೃತ್ತನಾಗಿರುತ್ತಾನೆ. ವರ್ಷಕ್ಕೆ ಎರಡು ಅಂಶ ಎಂಬುದು ಹೂಡಿಕೆದಾರನಿಗೆ ಸಣ್ಣ ಲಾಭವಲ್ಲ, ಆದರೂ ಅಂಕಿಗಳಲ್ಲಿ ಅದು ಎದ್ದು ಕಾಣಲು ಒಂದು ವೃತ್ತಿಜೀವನವೇ ಬೇಕಾಗುತ್ತದೆ. ಈ ವಿಧಾನದ ಅತಿ ಕಠೋರವಾದ ಮಿತಿ ಇದು.

ತಿಂಗಳ ಬದಲು ದಿನದ ಅಂಕಿಗಳನ್ನು ಬಳಸಿದರೆ 60ರ ಜಾಗದಲ್ಲಿ 1,260 ಚುಕ್ಕಿಗಳು ಸಿಗುತ್ತವಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಅದರಿಂದ ಬೀಟಾ ಇನ್ನೂ ನಿಖರವಾಗುತ್ತದೆ, ಆಲ್ಫಾಕ್ಕೆ ಮಾತ್ರ ಪ್ರಯೋಜನವಿಲ್ಲ. ತಿಂಗಳಿಗೆ 21 ವಹಿವಾಟಿನ ದಿನಗಳೆಂದು ಹಿಡಿದರೆ ದಿನದ ಆಲ್ಫಾ 21 ಪಟ್ಟು ಚಿಕ್ಕದಾಗುತ್ತದೆ. ಚದುರಿಕೆ ಕುಗ್ಗುವುದು 21ರ ವರ್ಗಮೂಲದಷ್ಟು ಮಾತ್ರ. ಚುಕ್ಕಿಗಳು ಹೆಚ್ಚಿದ್ದರಿಂದ ಆಗುವ ಲಾಭ ಈ ನಷ್ಟಕ್ಕೆ ಸರಿಹೋಗಿ, ಟಿ-ಮೌಲ್ಯ ಮತ್ತೆ ಒಂದೂವರೆಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ಆಲ್ಫಾಕ್ಕೆ ಬೇಕಾದದ್ದು ಹೆಚ್ಚು ಚುಕ್ಕಿಗಳಲ್ಲ, ಹೆಚ್ಚು ವರ್ಷಗಳು.

ಫಲಿತಾಂಶ ಇಷ್ಟು ಸೂಕ್ಷ್ಮವಾಗಿರುವಾಗ ಅಳತೆಗೋಲಿನ ಸಣ್ಣ ತಪ್ಪೂ ತೀರ್ಪನ್ನು ತಿರುಗಿಸಬಲ್ಲದು. ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಡಿವಿಡೆಂಡ್‌ಗೆ ಸಂಬಂಧಿಸಿದ್ದು. ಫಂಡ್ ಪಡೆದ ಡಿವಿಡೆಂಡ್ ಅದರ ಎನ್‌ಎವಿಯಲ್ಲಿ ಸೇರಿರುತ್ತದೆ. ಟಿವಿಯಲ್ಲಿ ಕಾಣುವ ನಿಫ್ಟಿ ಅಂಕಿಯಾದರೋ ಬರಿಯ ಬೆಲೆಯದು. ಡಿವಿಡೆಂಡ್ ವರ್ಷಕ್ಕೆ ಶೇ 1.2, ತಿಂಗಳಿಗೆ 0.1 ಎಂದು ಹಿಡಿದು, ಅದನ್ನು ಬಿಟ್ಟ ಸೂಚ್ಯಂಕದೊಡನೆ ನಮ್ಮ ಫಂಡನ್ನು ಹೋಲಿಸಿದರೆ 0.90 ಬೀಟಾದ ಲೆಕ್ಕದಲ್ಲಿ ತಿಂಗಳಿಗೆ 0.09 ಬಿಟ್ಟಿಯಾಗಿ ಆಲ್ಫಾಕ್ಕೆ ಸೇರಿಬಿಡುತ್ತದೆ. 0.32 ಇದ್ದದ್ದು 0.41 ಆಗಿ, ಟಿ-ಮೌಲ್ಯ 1.54ರಿಂದ 1.97ಕ್ಕೆ ಜಿಗಿಯುತ್ತದೆ. ಮ್ಯಾನೇಜರ್ ಏನನ್ನೂ ಮಾಡದೆ ಗಣನೀಯತೆಯ ಹೊಸ್ತಿಲಿಗೆ ಬಂದು ನಿಂತಂತಾಯಿತು. ಭಾರತದ ಫಂಡ್‌ಗಳು ತಮ್ಮ ಸಾಧನೆಯನ್ನು ಡಿವಿಡೆಂಡ್ ಸೇರಿದ ಟಿಆರ್‌ಐ ಸೂಚ್ಯಂಕದೊಡನೆಯೇ ಹೋಲಿಸಬೇಕೆಂದು ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದ್ದರ ಹಿಂದೆ ಇರುವುದು ಇದೇ ಲೆಕ್ಕ.

ಸೂಚ್ಯಂಕದ ಆಯ್ಕೆಯೇ ತಪ್ಪಾದರೆ ದೋಷ ಇನ್ನೂ ದೊಡ್ಡದು. ಮಧ್ಯಮ ಗಾತ್ರದ ಕಂಪನಿಗಳ ಫಂಡನ್ನು ನಿಫ್ಟಿ 50ರ ಎದುರು ಇಟ್ಟರೆ, ಆ ಗುಂಪಿನ ಷೇರುಗಳೆಲ್ಲ ಚೆನ್ನಾಗಿ ಏರಿದ ವರ್ಷಗಳ ಫಸಲು ಪೂರ್ತಿಯಾಗಿ ಆಲ್ಫಾ ಎಂದು ದಾಖಲಾಗುತ್ತದೆ. ಇದಕ್ಕೊಂದು ಗುರುತಿದೆ. ಉಳಿಕೆಗಳನ್ನು ಕಾಲಕ್ರಮದಲ್ಲಿ ಚಿತ್ರಿಸಿದಾಗ ಅವು ಗೆರೆಯ ಆಚೀಚೆ ಅಡ್ಡಾದಿಡ್ಡಿ ಹರಡಿರಬೇಕು. ಅದರ ಬದಲು ವರ್ಷಗಟ್ಟಲೆ ಒಂದೇ ಕಡೆ ಗುಂಪಾಗಿದ್ದರೆ, ಅಥವಾ ಮಿಡ್‌ಕ್ಯಾಪ್ ಸೂಚ್ಯಂಕದ ಜೊತೆಜೊತೆಗೆ ಏರಿಳಿಯುತ್ತಿದ್ದರೆ, ಅಳತೆಗೋಲು ಬೇರೆಯಾಗಬೇಕು ಎಂದರ್ಥ. ನಿಫ್ಟಿ ಶೇ 23ರಷ್ಟು ಕುಸಿದ 2020ರ ಮಾರ್ಚ್‌ನಂಥ ತಿಂಗಳನ್ನೂ ಪ್ರತ್ಯೇಕವಾಗಿ ಗಮನಿಸಬೇಕು. ಅಷ್ಟು ದೂರದ ಒಂದೇ ಚುಕ್ಕಿ ಇಡೀ ಗೆರೆಯನ್ನು ತನ್ನತ್ತ ಎಳೆಯಬಲ್ಲದು. ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿದಾಗ ಆಲ್ಫಾ ಬಹಳ ಬದಲಾದರೆ ಐದು ವರ್ಷಗಳ ತೀರ್ಪು ಒಂದೇ ತಿಂಗಳ ಮೇಲೆ ನಿಂತಿದೆ ಎಂದು ತಿಳಿಯಬೇಕು.

ಕೊನೆಯ ತೊಡಕು ಲೆಕ್ಕದ ಒಳಗಿಲ್ಲ, ಫಂಡನ್ನು ಆರಿಸುವ ರೀತಿಯಲ್ಲಿದೆ. ಟಿ-ಮೌಲ್ಯ 2 ಎಂಬ ಗಡಿ, ಮೊದಲೇ ಗೊತ್ತುಮಾಡಿಕೊಂಡ ಒಂದು ಫಂಡ್‌ಗೆ ಹೊಂದುವ ಗಡಿ. ಇನ್ನೂರು ಫಂಡ್‌ಗಳನ್ನು ಜಾಲಾಡಿ, ಎಲ್ಲಕ್ಕಿಂತ ಮೇಲಿರುವುದನ್ನು ಎತ್ತಿಕೊಂಡು ಅದರ ಟಿ-ಮೌಲ್ಯ 2.3 ಎಂದು ಹೇಳಿದರೆ ಅದಕ್ಕೆ ತೂಕವಿಲ್ಲ. ಯಾವ ಫಂಡ್‌ನಲ್ಲೂ ಆಲ್ಫಾ ಇಲ್ಲದಿದ್ದರೂ ಇನ್ನೂರರಲ್ಲಿ ಐದರಷ್ಟು ಮೇಲ್ಗಡಿಯನ್ನು ದಾಟಿಯೇ ದಾಟುತ್ತವೆ. ಸೋತ ಫಂಡ್‌ಗಳು ಮುಚ್ಚಿಹೋಗಿ ಅಥವಾ ಬೇರೆಯದರಲ್ಲಿ ವಿಲೀನವಾಗಿ ಪಟ್ಟಿಯಿಂದ ಮಾಯವಾಗುವುದರಿಂದ, ಉಳಿದವುಗಳ ಸರಾಸರಿಯೂ ಇದ್ದದ್ದಕ್ಕಿಂತ ಚೆಲುವಾಗಿ ಕಾಣುತ್ತದೆ.

ಜೆನ್ಸನ್ ಈ ತೊಡಕನ್ನು ಅರಿತಿದ್ದರು. ಒಂದು ಫಂಡನ್ನಷ್ಟೇ ನೋಡದೆ 1945ರಿಂದ 1964ರವರೆಗಿನ ಅವಧಿಯ 115 ಅಮೆರಿಕನ್ ಫಂಡ್‌ಗಳನ್ನು ಅವರು ಒಟ್ಟಿಗೆ ಅಳೆದರು. ಖರ್ಚು ಕಳೆದ ಮೇಲಿನ ಸರಾಸರಿ ಆಲ್ಫಾ ವರ್ಷಕ್ಕೆ ಮೈನಸ್ ಶೇ 1.1 ಬಂತು. 76 ಫಂಡ್‌ಗಳ ಆಲ್ಫಾ ಸೊನ್ನೆಗಿಂತ ಕೆಳಗೆ, 39ರದು ಮೇಲೆ ಇತ್ತು. ಅಷ್ಟು ಫಂಡ್‌ಗಳಲ್ಲಿ ಐದಾರು ಕೇವಲ ಆಕಸ್ಮಿಕವಾಗಿ ಶೇ 5ರ ಮಟ್ಟದ ಪರೀಕ್ಷೆಯಲ್ಲಿ ಗೆಲ್ಲಬೇಕಿತ್ತು. ಗೆದ್ದದ್ದು ಮೂರು.