ಚಿತ್ರದಲ್ಲಿ ಕಂಡ ಮನೆಯ ವಯಸ್ಸು

ವಿಶ್ವೇಶ್ವರಪುರದ ಬೀದಿಯೊಂದರ ಛಾಯಾಚಿತ್ರವು ನಮ್ಮ ಮುಂದಿದೆಯೆಂದು ಭಾವಿಸೋಣ. ಮನೆಯ ಮುಂಭಾಗದಲ್ಲಿ ದುಂಡುಮೂಲೆಯ ಮೊಗಸಾಲೆ, ಅದರ ಮೇಲೆ ಸಿಮೆಂಟಿನ ತೆಳು ಸಜ್ಜ. ಹಿಂದೆ ಮಂಗಳೂರು ಹೆಂಚಿನ ಇಳಿಜಾರು ಮಾಡು. ಮೊದಲ ನೋಟಕ್ಕೆ ಇದು 1940ರ ಸುಮಾರಿನ ಮನೆಯೆಂದೇ ತೋರುವುದು.

ಆದರೆ ಪಕ್ಕದ ಕಿಟಕಿಯನ್ನು ನೋಡಿರಿ. ಅದರ ನೆತ್ತಿಯ ಮೇಲೆ ಮರದ ಚೂಪು ಮಾಡೊಂದಿದೆ. ಮುಂದೆ ಸಾಲಾಗಿ ನಿಲ್ಲಿಸಿದ ಪಟ್ಟಿಗಳು ಮೊನೆಯಾಗಿ ಕೆಳಗಿಳಿದಿವೆ. ಬೆಂಗಳೂರಿನವರು 'ಮಂಕಿ ಟಾಪ್' ಎಂದು ಕರೆಯುವುದು ಇದನ್ನೇ. ಬಿಸಿಲು ಮಳೆಗಳನ್ನು ತಡೆಯುವುದು ಬಡಗಿಯ ಕೆಲಸವಾಗಿದ್ದ ಕಾಲದ ಗುರುತು ಅದು. ಕಬ್ಬಿಣದ ಸರಳು ಹುದುಗಿದ ಕಾಂಕ್ರೀಟು 1930ರ ದಶಕದಿಂದೀಚೆಗೆ ಮನೆಗಳಲ್ಲಿ ರೂಢಿಯಾಗಲು, ಆಸರೆಯಿಲ್ಲದೆ ಮುಂಚಾಚುವ ಸಜ್ಜವು ಅದರ ಸ್ಥಾನವನ್ನು ಹಿಡಿಯಿತು. ಸಿಮೆಂಟಿನ ಸಜ್ಜವನ್ನು ಬಲ್ಲ ಯಜಮಾನನು ಪಕ್ಕದ ಕಿಟಕಿಗೆ ಮಾತ್ರ ಮರವನ್ನು ಕಡೆಸುವನೇ? ಆದುದರಿಂದ ಹಿಂಭಾಗವೇ ಹಳೆಯದು, ಮುಂಭಾಗವು ಬಳಿಕ ಸೇರಿದ್ದು.

ಎಷ್ಟು ಹಳೆಯದು? ಬಡಾವಣೆಯ ಹೆಸರಿನ ವಿಶ್ವೇಶ್ವರಯ್ಯನವರು ದಿವಾನರಾದುದು 1912ರಲ್ಲಿ. ಬಡಾವಣೆಯೊಡನೆ ಎದ್ದ ಮನೆಯಾದರೆ ಅದಕ್ಕೂ ಹಿಂದಕ್ಕೆ ಹೋಗಲಾರದು. 1920ರ ದಶಕವೆಂದು ಊಹಿಸಬಹುದು.

ನೆತ್ತಿಯ ಗಾರೆಯಲ್ಲಿ ಇಸವಿಯಿದ್ದರೂ ಒಮ್ಮೆಲೇ ನಂಬಬೇಡಿರಿ. ಅದು ಮುಂಭಾಗವನ್ನು ಹೊಸದು ಮಾಡಿದ ವರ್ಷವಾಗಿರಬಹುದು.